ಮಗಳ ಕಿವಿಯ ಬ್ಲೂಟೂತ್: ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ
(ಸುವರ್ಣ ಮಹೋತ್ಸವದ ಪೋಷಕರ ಸಭೆಯಲ್ಲಿ ಮಾಡಿದ ಮಾತು)



ರೇಡಿಯೋ ಉಪಕರಣಗಳ ಶಕ್ತಿ ಅಳೆಯುವುದು ನನ್ನ ಉದ್ಯೋಗ. ಹಾಗಾಗಿ ಇಲ್ಲಿಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನಲ್ಲಿ ಕೇಳಿದರು: "ಮಗಳು ಇಡೀ ದಿನ ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡಿರುತ್ತಾಳೆ ಮಾರಾಯ್ರೆ. ಅದರಲ್ಲಿರುವುದು ಮೈಕ್ರೋವೇವ್ ಒಲೆಯದ್ದೇ ಅಲೆಯಂತೆ. ತಲೆಗೆ ಏನೂ ಆಗುವುದಿಲ್ಲವಾ?" ಇವತ್ತು ಆ ಪ್ರಶ್ನೆಯೊಂದಕ್ಕೇ ಉತ್ತರ ಹೇಳುತ್ತೇನೆ.

ಅವರು ಕೇಳಿದ ಸುದ್ದಿಯಲ್ಲಿ ಅರ್ಧ ನಿಜವಿದೆ. ಬ್ಲೂಟೂತ್, ಮನೆಯ ವೈಫೈ, ಮೈಕ್ರೋವೇವ್ ಒಲೆ ಮೂರೂ ಸುಮಾರು 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನೇ ಬಳಸುತ್ತವೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಒಲೆಯದ್ದು ಸುಮಾರು 800 ವ್ಯಾಟ್, ಅದೂ ಲೋಹದ ಪೆಟ್ಟಿಗೆಯೊಳಗೆ ಬಂಧಿ. ಸಾಮಾನ್ಯ ಬ್ಲೂಟೂತ್ ಸಾಧನದ್ದು ಸುಮಾರು 2.5 ಮಿಲಿವ್ಯಾಟ್. ಒಂದು ವ್ಯಾಟನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿವ್ಯಾಟ್. ಲೆಕ್ಕ ಹಾಕಿದರೆ ಒಲೆಯ ಶಕ್ತಿ ಮೂರು ಲಕ್ಷ ಪಟ್ಟಿಗಿಂತ ಹೆಚ್ಚು. ದೀಪದ ಬತ್ತಿಯೂ ಬೆಂಕಿ, ಕಾಡ್ಗಿಚ್ಚೂ ಬೆಂಕಿ. ಆದರೆ ಎರಡೂ ಒಂದೇ ಅಲ್ಲ.

"ರೇಡಿಯೇಶನ್" ಎಂಬ ಶಬ್ದವೂ ಹೆದರಿಸುತ್ತದೆ. ಎಕ್ಸ್‌ರೇ ನಮ್ಮ ಜೀವಕೋಶದ ಅಣುಗಳಿಂದ ಎಲೆಕ್ಟ್ರಾನನ್ನು ಕಿತ್ತುಹಾಕಬಲ್ಲದು. ಬ್ಲೂಟೂತ್ ಅಲೆಯ ಒಂದೊಂದು ಕಣದ ಶಕ್ತಿ ಅದಕ್ಕೆ ಬೇಕಾದುದರ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ. ಇಂಥ ಅಲೆಯಿಂದ ಖಚಿತವಾಗಿ ಗೊತ್ತಿರುವ ಪರಿಣಾಮವೆಂದರೆ ಬಿಸಿ. ಕೆಲವು ಮಿಲಿವ್ಯಾಟ್‌ನ ಬಿಸಿಯನ್ನು ಹರಿಯುವ ರಕ್ತವೇ ಹೊತ್ತೊಯ್ಯುತ್ತದೆ.

ಈಗ ಫೋನಿಗೆ ಹೋಲಿಸೋಣ. ಬ್ಲೂಟೂತ್ ತಲುಪಬೇಕಾದದ್ದು ಕಿಸೆಯಿಂದ ಕಿವಿಗೆ. ಫೋನು ತಲುಪಬೇಕಾದದ್ದು ಕಿಲೋಮೀಟರ್ ದೂರದ ಟವರಿಗೆ. ಆದ್ದರಿಂದ 4ಜಿ ಫೋನು 200 ಮಿಲಿವ್ಯಾಟ್‌ವರೆಗೂ ಹೊರಸೂಸಬಲ್ಲದು. ನಮ್ಮ ಬ್ಲೂಟೂತ್‌ನ 80 ಪಟ್ಟು. ಯಾವಾಗಲೂ ಅಷ್ಟಿಲ್ಲ. ಟವರ್ ಹತ್ತಿರವಿದ್ದರೆ ಫೋನು ಮೆಲ್ಲಗೆ ಮಾತಾಡುತ್ತದೆ, ದೂರವಿದ್ದರೆ ಕೂಗುತ್ತದೆ. ಹಂಪನಕಟ್ಟೆಯಲ್ಲಿ ಸಿಗ್ನಲ್ ಚೆನ್ನಾಗಿದ್ದರೆ ಕಡಿಮೆ ಶಕ್ತಿ ಸಾಕು. ಅದೇ ಫೋನನ್ನು ಬೆಂಗಳೂರು ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಕಿವಿಗೆ ಒತ್ತಿಕೊಂಡರೆ, ಸಿಗ್ನಲ್ ಕಡ್ಡಿ ಇಳಿದ ಹಾಗೆ ಅದರ ಶಕ್ತಿ ಏರುತ್ತದೆ. ಬ್ಯಾಟರಿ ಬೇಗ ಇಳಿಯುವುದು ಅದರ ಒಂದು ಗುರುತು.

ಹಾಗಾಗಿ ಆ ತಾಯಿಗೆ ನಾನು ಹೇಳಿದ್ದು ಇದು: ಮಗಳು ಫೋನನ್ನು ಬ್ಯಾಗಿನಲ್ಲಿಟ್ಟು ಬ್ಲೂಟೂತ್‌ನಲ್ಲಿ ಮಾತಾಡಿದರೆ ಅವಳ ತಲೆಗೆ ಬೀಳುವ ಅಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಪಾಠ ಅಥವಾ ಪದ್ಯ ಕೇಳುವಾಗ ಇನ್ನೂ ಕಡಿಮೆ. ಆಗ ಕಳುಹಿಸುವ ಕೆಲಸ ಹೆಚ್ಚಾಗಿ ಫೋನಿನದ್ದು; ಕಿವಿಯ ಸಾಧನ "ಬಂತು, ಬಂತು" ಎಂದು ಚಿಕ್ಕ ಉತ್ತರ ಕೊಡುತ್ತದೆ, ಅಷ್ಟೆ.

ವೈಫೈ ಪೆಟ್ಟಿಗೆ ಸುಮಾರು 100 ಮಿಲಿವ್ಯಾಟ್‌ನದ್ದು. ಆದರೆ ಅದು ಗೋಡೆಯ ಮೇಲಿರುತ್ತದೆ. ದೂರ ಎರಡು ಪಟ್ಟಾದರೆ ನಮಗೆ ತಲುಪುವ ಅಲೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ದೂರ ಕುಳಿತವರಿಗೆ ಸಿಗುವುದು ಅಂತಾರಾಷ್ಟ್ರೀಯ ಮಿತಿಯ ಸುಮಾರು ಐದು ಸಾವಿರದಲ್ಲಿ ಒಂದು ಪಾಲು.

"ಕ್ಯಾನ್ಸರ್ ಪಟ್ಟಿಯಲ್ಲಿದೆಯಲ್ಲ?" ಎಂದೂ ಅವರು ಕೇಳಿದರು. ಹೌದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ಅಲೆಗಳನ್ನು "ಸಾಧ್ಯತೆ ಇರಬಹುದು" ಎಂಬ 2ಬಿ ಗುಂಪಿಗೆ ಸೇರಿಸಿತು. ಸಾಕ್ಷ್ಯ ಸೀಮಿತವಾಗಿದೆ, ಅಲ್ಲಗಳೆಯಲೂ ಆಗದು ಎಂದು ಅದರ ಅರ್ಥ. ಅನಂತರ ಭಾರತವೂ ಸೇರಿ 14 ದೇಶಗಳಲ್ಲಿ 10ರಿಂದ 24 ವರ್ಷದವರ ಮೇಲೆ ನಡೆದ ಮೊಬಿ-ಕಿಡ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಫೋನ್ ಬಳಕೆಯಿಂದ ಮೆದುಳಿನ ಗಡ್ಡೆ ಹೆಚ್ಚಿದ್ದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ಇದು ಬ್ಲೂಟೂತ್‌ಗಿಂತ ಎಷ್ಟೋ ಬಲವಾದ ಫೋನಿನ ಮಾತು ಎಂಬುದನ್ನು ನೆನಪಿಡಿ. "ಅಪಾಯ ಸೊನ್ನೆ" ಎಂದು ಯಾವ ವಿಜ್ಞಾನವೂ ಬರೆದುಕೊಡಲಾರದು. ಇಷ್ಟು ವರ್ಷ ಹುಡುಕಿದರೂ ಕಾಣಲಿಲ್ಲ ಎಂದು ಹೇಳಬಹುದು.

ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ ಎಸ್‌ಎಆರ್ ಅಂಕಿ ಬರುತ್ತದೆ. ದೇಹ ಎಷ್ಟು ಅಲೆ ಹೀರುತ್ತದೆ ಎಂಬುದರ ಅಳತೆ ಅದು. ನಮ್ಮ ದೇಶದ ಮಿತಿ ಕಿಲೋಗೆ 1.6 ವ್ಯಾಟ್.

ಅಮ್ಮಂದಿರೆ, ಕಾಯಬೇಕಾದದ್ದು ಅಲೆಯಿಂದಲ್ಲ, ಶಬ್ದದಿಂದ. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಬ್ದ ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಕೈಯಳತೆಯ ದೂರದಿಂದ ನೀವು ಸಹಜ ಧ್ವನಿಯಲ್ಲಿ ಕರೆದಾಗ ಮಗಳಿಗೆ ಕೇಳಿಸದಿದ್ದರೆ ವಾಲ್ಯೂಮ್ ಹೆಚ್ಚಾಗಿದೆ ಎಂದು ತಿಳಿಯಿರಿ. ಕಿವಿಯೊಳಗೆ ಗುಂಯ್ ಎನ್ನುತ್ತಿದೆ ಎಂದು ಅವಳು ಹೇಳಿದರೆ ವೈದ್ಯರಿಗೆ ತೋರಿಸಿ. ಒಳಗಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಮನೆಗೆ ಹೋಗಿ ಅವಳ ಫೋನಿನಲ್ಲಿ ಬ್ಲೂಟೂತ್ ಬಂದ್ ಮಾಡಿಸಬೇಡಿ, ವಾಲ್ಯೂಮ್ ಅರ್ಧಕ್ಕೆ ಇಳಿಸಲು ಹೇಳಿ.