ತಲೆಕೂದಲು ಎಷ್ಟು ಉದುರಿದರೆ ಸಹಜ?



ತಲೆ ಬಾಚಿದ ಮೇಲೆ ಬಾಚಣಿಗೆಯಲ್ಲಿ ಕೂದಲು ನಿಲ್ಲುತ್ತೆ. ಅದನ್ನು ಬೆರಳಿಗೆ ಸುತ್ತಿ ಉಂಡೆ ಮಾಡುತ್ತೇವೆ. ಗೋಡೆ ಸಂದಿಗೆ ಸಿಕ್ಕಿಸುತ್ತೇವೆ. ಉಂಡೆ ದಪ್ಪ ಇದ್ದರೆ ಎದೆ ಧಸಕ್ ಅನ್ನುತ್ತೆ. ಆದರೆ ಎಣಿಸಿ ನೋಡಿದವರು ಯಾರು? ಈಗ ನಮಗೆ ಎಣಿಕೆ ಬರುತ್ತೆ. ಎಣಿಸಿಯೇ ನೋಡೋಣ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆಯುತ್ತೆ. ಆಮೇಲೆ ಬೆಳೆಯುವುದನ್ನು ನಿಲ್ಲಿಸುತ್ತೆ. ಎರಡು ಮೂರು ತಿಂಗಳು ಸುಮ್ಮನೆ ಇದ್ದು ಉದುರಿಹೋಗುತ್ತೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಇಲ್ಲಿ ನಾವೂ ಒಮ್ಮೆ ಮೋಸ ಹೋದೆವು. ಒಂದು ಭಾನುವಾರ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ತಲೆಗೆ ನೀರು ಹಾಕಿಕೊಂಡೆವು. ಬಚ್ಚಲಲ್ಲಿ ಕೂದಲೋ ಕೂದಲು. ಎಣಿಸಿದರೆ 250! ಸೀಗೆಕಾಯಿಯೇ ಕೆಟ್ಟದ್ದು ಅಂತ ಬೈದೆವು. ಪಾಪ, ಅದರ ತಪ್ಪೇನೂ ಇರಲಿಲ್ಲ. ಬಿಗಿ ಜಡೆಯೊಳಗೆ ಉದುರಿದ ಕೂದಲು ಸಿಕ್ಕಿಕೊಂಡೇ ಇರುತ್ತೆ. ನೀರು ಬಿದ್ದ ದಿನ ಎಲ್ಲ ಒಟ್ಟಿಗೆ ಬರುತ್ತೆ. ಮುಂದಿನ 6 ದಿನ ದಿನಕ್ಕೆ 40ರಂತೆ ಬಂತು. ಅಂದರೆ 240. ಅದಕ್ಕೆ ಭಾನುವಾರದ 250 ಕೂಡಿದರೆ 490. ಅದನ್ನು 7 ದಿನಕ್ಕೆ ಭಾಗಿಸಿದರೆ ದಿನಕ್ಕೆ 70. ಹೆದರುವಂಥದ್ದೇನೂ ಇರಲಿಲ್ಲ. ಆದ್ದರಿಂದ ಒಂದು ದಿನದ ಲೆಕ್ಕ ನಂಬಬೇಡಿ. ಒಂದು ವಾರದ್ದು ಎಣಿಸಿ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಿದ್ದಳು. ಕೂಸಿಗೆ 4 ತಿಂಗಳು. "ಟೀಚರಮ್ಮ, ಕೈ ಹಾಕಿದರೆ ಸಾಕು, ಕೂದಲು ಕೈಗೇ ಬರುತ್ತೆ. ಹೀಗೇ ಆದ್ರೆ ಬೋಳಾಗ್ತೀನಿ" ಎಂದು ಕಣ್ಣೀರು ಹಾಕಿದಳು. ವಾರದ ಲೆಕ್ಕ ತೆಗೆದೆವು. ದಿನಕ್ಕೆ 150 ಬಂತು. ಆಗ ಅವಳಿಗೆ ಎಳೆದು ನೋಡುವ ಪರೀಕ್ಷೆ ಮಾಡಿದೆವು. ಡಾಕ್ಟರರೂ ಹೀಗೇ ನೋಡುತ್ತಾರೆ.

ಮೊದಲು ಬಾಚಣಿಗೆಯಲ್ಲಿ ಬಂದ ಕೂದಲಲ್ಲಿ 50 ಎಣಿಸಿ ಒಟ್ಟಿಗೆ ಹಿಡಿದು ನೋಡಿ. ಎಷ್ಟು ದಪ್ಪ ಇದೆ ಅಂತ ಕಣ್ಣಿಗೆ ತಿಳಿಯಲಿ. ತೀರ ಸಣ್ಣ ಎಳೆ ಅದು. ಪರೀಕ್ಷೆಗೆ ಅಷ್ಟೇ ಬೇಕು.

ತಲೆಗೆ ನೀರು ಹಾಕಿಕೊಂಡು ಒಂದು ದಿನ ಕಳೆದಿರಲಿ. ಕೂದಲು ಒಣಗಿರಲಿ. ಎಣ್ಣೆ ಬೇಡ, ಕೈ ಜಾರುತ್ತೆ. ಜಡೆ ಬಿಚ್ಚಿ ಬೆರಳಿಂದ ಸಿಕ್ಕು ಬಿಡಿಸಿ. ಅಷ್ಟು ಕೂದಲನ್ನು ಬುಡದ ಹತ್ತಿರ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿಯಿರಿ. ಬುಡದಿಂದ ತುದಿಯವರೆಗೆ ನಿಧಾನವಾಗಿ ಜಾರಿಸುತ್ತ ಎಳೆಯಿರಿ. ಜಗ್ಗಬೇಡಿ. ಜಗ್ಗಿದರೆ ಗಟ್ಟಿ ಕೂದಲೂ ಕಿತ್ತು ಬರುತ್ತೆ. ನೋವಾದರೆ ಜೋರಾಯಿತು ಅಂತಲೇ ಅರ್ಥ. ಕೈಗೆ ಬಂದದ್ದನ್ನು ಬಿಳಿ ಬಟ್ಟೆ ಮೇಲೆ ಇಟ್ಟು ಎಣಿಸಿ. ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಅದನ್ನು ಮಾತ್ರ ಎಣಿಸಿ. ಗಂಟಿಲ್ಲದ ತುಂಡು ಮಧ್ಯದಲ್ಲಿ ಮುರಿದದ್ದು. ಹೀಗೆ ನೆತ್ತಿ, ಎರಡೂ ಕಿವಿಯ ಮೇಲ್ಭಾಗ, ಹಿಂದಲೆ, ನಾಲ್ಕು ಕಡೆ ನೋಡಿ.

ಒಂದು ಕಡೆ 2ರವರೆಗೆ ಬಂದರೆ ಸಹಜ. 6 ಅಥವಾ ಹೆಚ್ಚು ಬಂದರೆ ಉದುರುವುದು ಜಾಸ್ತಿ ಆಗಿದೆ. ನಡುವೆ ಬಂದರೆ ವಾರ ಬಿಟ್ಟು ಮತ್ತೆ ನೋಡಿ.

ಆ ತಾಯಿಗೆ ನಾಲ್ಕೂ ಕಡೆ 6, 7 ಬಂತು. ಎಲ್ಲಕ್ಕೂ ಬಿಳಿ ಗಂಟು. ಕೂಸು ನಗಲು ಶುರುಮಾಡಿದರೆ ತಾಯಿ ಕೂದಲು ಉದುರುತ್ತೆ ಎಂದು ಹೇಳುವವರಿದ್ದಾರೆ. ಕಾಲ ಸರಿ, ಕಾರಣ ಬೇರೆ. ಬಸಿರಲ್ಲಿ ಕೂದಲು ಕಡಿಮೆ ಉದುರುತ್ತೆ. ಹೆರಿಗೆ ಆದಮೇಲೆ ತುಂಬ ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತೆ. ಎರಡು ಮೂರು ತಿಂಗಳಾದ ಮೇಲೆ ಎಲ್ಲ ಒಟ್ಟಿಗೆ ಉದುರುತ್ತೆ. ಜೋರು ಜ್ವರ ಬಂದು ಹೋದವರಿಗೂ ಹೀಗೇ. ಕೂಸಿಗೆ 10 ತಿಂಗಳಾದಾಗ ಮತ್ತೆ ನೋಡಿದೆವು. ಎಲ್ಲೂ 2 ದಾಟಲಿಲ್ಲ. ಹಣೆಯ ಅಂಚಿನಲ್ಲಿ ಗಿಡ್ಡ ಹೊಸ ಕೂದಲು ನಿಂತಿತ್ತು.

ಈ ಪರೀಕ್ಷೆಗೆ ಎಲ್ಲವೂ ಸಿಗುವುದಿಲ್ಲ. ಕೆಲವರಿಗೆ ಕೂದಲು ಸಣ್ಣಗಾಗುತ್ತ ಬೈತಲೆ ಅಗಲ ಆಗುತ್ತೆ. ಎಳೆದರೆ ಒಂದೂ ಬರದೆ ಇರಬಹುದು. ದುಂಡಗೆ ಬೋಳಾದರೆ, ನೆತ್ತಿಯಲ್ಲಿ ಉರಿ, ಕೀವು, ಕಲೆ ಕಂಡರೆ ಪರೀಕ್ಷೆ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ. ಉದುರುವುದು 6 ತಿಂಗಳು ದಾಟಿದರೂ ಹೋಗಿ. ಜೊತೆಗೆ ಸುಸ್ತು, ಏದುಸಿರು ಇದ್ದರೆ, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಅದನ್ನೂ ಹೇಳಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಕೂದಲು ಉದುರುತ್ತೆ. ಅದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಹೋಗುವಾಗ ವಾರದ ಲೆಕ್ಕ ಬರೆದ ಚೀಟಿ ಜೊತೆಗಿರಲಿ.