ಮುಖ ಅಂಟಿತು, ಬೆಳಕು ಅಂಟಲಿಲ್ಲ

ಪೀಣ್ಯದ ಒಂದು ಕಾರ್ಖಾನೆ ಅಂದುಕೊಳ್ಳಿ. ಆಯುಧಪೂಜೆ ಮುಗಿದ ಮೇಲೆ ಎಲ್ಲರೂ ಶೆಡ್ಡಿನ ನೆರಳಿನಲ್ಲಿ ನಿಂತು ಗ್ರೂಪ್ ಫೋಟೋ ತೆಗೆಸಿಕೊಂಡಿದ್ದಾರೆ. ಒಬ್ಬರು ಮಾತ್ರ ಅಂದು ಊರಿಗೆ ಹೋಗಿದ್ದರು. ರಾತ್ರಿ ಪಾಳಿಯಲ್ಲಿ ಹಳದಿ ಬಲ್ಬಿನ ಕೆಳಗೆ ಮೊಬೈಲಿನಲ್ಲಿ ತೆಗೆದ ಅವರ ಫೋಟೋ ಒಂದಿದೆ. ಅದನ್ನು ಕತ್ತರಿಸಿ ಸಾಲಿನಲ್ಲಿ ಸೇರಿಸಿದರೆ ಅವರೊಬ್ಬರೇ ಅರಿಶಿನ ಹಚ್ಚಿಕೊಂಡು ನಿಂತಂತೆ ಕಾಣುತ್ತಾರೆ.

ಕಾರಣ ಬೆಳಕಿನ ಬಣ್ಣ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬು ಸುಮಾರು 2800, ಹಗಲಿನ ನೆರಳು 7000ದ ಆಸುಪಾಸು. ನೆರಳಿಗೆ ಬರುವುದು ಬಹುಪಾಲು ನೀಲಿ ಆಕಾಶದ ಬೆಳಕು. ನಮ್ಮ ಕಣ್ಣು ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾ ಪೂರ್ತಿ ಮಾಡುವುದಿಲ್ಲ.

ಸ್ಟುಡಿಯೋದವರು ಸಾಮಾನ್ಯವಾಗಿ ಪಕ್ಕದವರ ಕೆನ್ನೆ ನೋಡಿ ಬಣ್ಣ ಹೊಂದಿಸುತ್ತಾರೆ. ಅದು ಸರಿಯಲ್ಲ. ಪಕ್ಕದವರ ಮೈಬಣ್ಣವೇ ಬೇರೆ ಇರಬಹುದು. ಹೋಲಿಸಬೇಕಾದದ್ದು ಎರಡೂ ಫೋಟೋಗಳಲ್ಲಿರುವ ಬಿಳಿ ಅಂಗಿಯನ್ನು. ಬಲ್ಬಿನ ಫೋಟೋದಲ್ಲಿ ಅಂಗಿಯ ಕೆಂಪು, ಹಸಿರು, ನೀಲಿ ಅಂಕಿಗಳು 235, 200, 150. ನೆರಳಿನ ಫೋಟೋದಲ್ಲಿ 205, 212, 225 ಎಂದಿಟ್ಟುಕೊಳ್ಳೋಣ. ಆಗ ಕೆಂಪನ್ನು 0.87ರಷ್ಟಕ್ಕೆ ಇಳಿಸಬೇಕು, ಹಸಿರನ್ನು 1.06ರಿಂದ, ನೀಲಿಯನ್ನು 1.5ರಿಂದ ಗುಣಿಸಬೇಕು. ಕೆನ್ನೆ 180, 120, 75 ಇದ್ದದ್ದು 157, 127, 112 ಆಗುತ್ತದೆ. ಕೆಂಪೇ ಮುಂದಿದೆ, ನೀಲಿಯೇ ಹಿಂದಿದೆ, ಮೈಬಣ್ಣ ಅವರದ್ದೇ. ಬಲ್ಬಿನ ಹಳದಿ ಮಾತ್ರ ಹೋಯಿತು. ಫೋಟೋಶಾಪಿನ ಕರ್ವ್ಸ್‌ನಲ್ಲಿ ಮೂರು ಬಣ್ಣಗಳ ಗೆರೆಗಳನ್ನು ಬೇರೆಬೇರೆಯಾಗಿ ಎಳೆದು ಇದನ್ನು ಮಾಡಬಹುದು. ಇದೇ ನೆಪದಲ್ಲಿ ಮುಖವನ್ನು ಒಂದಿಷ್ಟು ಬೆಳ್ಳಗೆ ಮಾಡುವ ಚಾಳಿ ನಮ್ಮಲ್ಲಿದೆ. ದಯವಿಟ್ಟು ಬೇಡ, ಮನೆಯವರೇ ಗುರುತು ಹಿಡಿಯುವುದಿಲ್ಲ.

ಹೊಂದಿತೋ ಇಲ್ಲವೋ ತಿಳಿಯಲು ಇಡೀ ಫೋಟೋವನ್ನು ಒಮ್ಮೆ ಕಪ್ಪುಬಿಳುಪು ಮಾಡಿ. ಮುಖ ಎದ್ದು ಕಂಡರೆ ದೋಷ ಹೊಳಪಿನಲ್ಲಿದೆ. ಆಮೇಲೆ ಬಣ್ಣದ ಗಾಢತೆಯನ್ನು ವಿಪರೀತ ಏರಿಸಿ ನೋಡಿ. ಗದ್ದದ ಕೆಳಗಿನ ನೆರಳು ಉಳಿದವರಲ್ಲಿ ನೀಲಿಗಿದ್ದು ಇವರಲ್ಲಿ ಕಂದಾಗಿದ್ದರೆ ಆಗ ಸಿಕ್ಕಿಬೀಳುತ್ತದೆ. ನೆರಳಿನ ಭಾಗವನ್ನು ಬೇರೆಯಾಗಿಯೇ ತಿದ್ದಬೇಕು.

ಇದಕ್ಕೂ ಮಿತಿಯಿದೆ. ನೀಲಿಯನ್ನು ಒಂದೂವರೆ ಪಟ್ಟು ಮಾಡಿದಾಗ ಅದರಲ್ಲಿದ್ದ ಕಾಳುಕಾಳು ಮಚ್ಚೆಯೂ ಅಷ್ಟೇ ಹೆಚ್ಚುತ್ತದೆ. ಬೀದಿಯ ಸೋಡಿಯಂ ದೀಪದ ಕೆಳಗೆ ತೆಗೆದದ್ದಾದರೆ ನೀಲಿಯೇ ಇಲ್ಲದಷ್ಟು ಕಡಿಮೆ, ಗುಣಿಸಲು ಏನೂ ಸಿಗುವುದಿಲ್ಲ. ತಲೆಯ ಮೇಲಿನ ಬಲ್ಬು ಕಣ್ಣಿನ ಕೆಳಗೆ ಕಪ್ಪು ನೆರಳು ಚೆಲ್ಲಿದ್ದರೆ ಯಾವ ಬಣ್ಣ ತಿದ್ದುಪಡಿಯೂ ಅದನ್ನು ಅಳಿಸದು. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರಿನಲ್ಲಿ ಮತ್ತೆ ರೂಪಿಸಿದರು. ಅಂಥ ಕೆಲಸದಲ್ಲೂ ಬಣ್ಣಕ್ಕಿಂತ ಮೊದಲು ಕೂಡಬೇಕಾದದ್ದು ಬೆಳಕು ಬರುವ ದಿಕ್ಕೇ.

ಹಾಗಾಗಿ ತಪ್ಪಿಸಿಕೊಂಡವರು ಊರಿನಿಂದ ಬಂದ ಮೇಲೆ ಅದೇ ಶೆಡ್ಡಿನ ನೆರಳಿನಲ್ಲಿ, ಅದೇ ಹೊತ್ತಿಗೆ, ಕೈಗೊಂದು ಬಿಳಿ ಹಾಳೆ ಕೊಟ್ಟು ನಿಲ್ಲಿಸಿ ಫೋಟೋ ತೆಗೆಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.