ಪುಡಾದ ಬೆನ್ನ ಮೇಲಿನ ಬರಹ

ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಚಹಾದ ಹೊತ್ತಿಗೆ ಒಂದು ಮಾತು ಕೇಳಿಬರುತ್ತದೆ. "ಮಾವನವರ ಚಹಾಕ್ಕ ಸಕ್ಕರಿ ಹಾಕಬ್ಯಾಡ, ಬಶಿಯಾಗ ನಾಕು ಮಾರಿ ಬಿಸ್ಕಿಟ್ ಇಡು." ಹೇಳುವವರ ಮನಸ್ಸಿನಲ್ಲಿ ಕಾಳಜಿಯಿದೆ. ಮಾರಿ ಬಿಸ್ಕಿಟ್ ತಿಂದರೆ ನಾಲಿಗೆಗೆ ಹೆಚ್ಚು ಸಿಹಿ ತಾಗುವುದಿಲ್ಲ, ಕ್ರೀಮ್ ಇರುವುದಿಲ್ಲ, ಹಗುರಾಗಿರುತ್ತದೆ. ಆದ್ದರಿಂದ ಅದು ರೋಗಿಗಳ ಬಿಸ್ಕಿಟ್ ಎಂದು ಊರೆಲ್ಲ ನಂಬಿಕೊಂಡಿದೆ. ಈ ನಂಬಿಕೆ ಎಷ್ಟು ನಿಜ ಎಂಬುದನ್ನು ತಿಳಿಯಲು ವೈದ್ಯರ ತನಕ ಹೋಗಬೇಕಾಗಿಲ್ಲ. ಪುಡಾವನ್ನು ತಿರುಗಿಸಿ ಅದರ ಬೆನ್ನನ್ನು ಓದಿದರೆ ಸಾಕು.

ಓದುವುದಕ್ಕೆ ಮೊದಲನೆಯ ತೊಡಕು ಭಾಷೆಯದು. ನಮ್ಮ ದೇಶದ ಕಾಯಿದೆಯಂತೆ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು. ಉಳಿದ ಭಾಷೆಗಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹೀಗಾಗಿ ಕಾಸರಗೋಡಿನ ಮಲಯಾಳಿಗೂ ತಾಳವಾಡಿಯ ತಮಿಳರಿಗೂ ನಮಗೂ ಈ ವಿಷಯದಲ್ಲಿ ಪಾಡು ಒಂದೇ. ಅಕ್ಕಲಕೋಟೆ, ಜತ್ತ ಕಡೆಯವರು ಮರಾಠಿ ಶಾಲೆಯ ಗುಣದಿಂದ ದೇವನಾಗರಿ ಓದಬಲ್ಲರು. ಆದರೆ ಬಹಳಷ್ಟು ಪುಡಾಗಳ ಮೇಲೆ ಇರುವುದು ಇಂಗ್ಲಿಷ್ ಮಾತ್ರ, ಅದೂ ಇರುವೆ ಸಾಲಿನಂಥ ಅಕ್ಷರ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಅದನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಹುಡುಕಬೇಕಾದ ಪದಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲ.

ಬೆನ್ನಿನ ಮೇಲೆ ಎರಡು ಬರಹಗಳಿವೆ. ಒಂದು, ಇಂಗ್ರೀಡಿಯೆಂಟ್ಸ್ ಎಂದು ಆರಂಭವಾಗುವ ಪಟ್ಟಿ. ಬಿಸ್ಕಿಟಿನೊಳಗೆ ಏನೇನು ಬಿದ್ದಿದೆ ಎಂಬುದು ಅಲ್ಲಿರುತ್ತದೆ. ಇನ್ನೊಂದು, ಅಂಕಿಗಳ ಕೋಷ್ಟಕ. ಪಟ್ಟಿಯನ್ನು ಓದುವ ಗುಟ್ಟು ಒಂದೇ: ತಯಾರಿಕೆಯಲ್ಲಿ ಯಾವ ಪದಾರ್ಥದ ತೂಕ ಹೆಚ್ಚೋ ಅದು ಮೊದಲು ಬರಬೇಕು, ಕಡಿಮೆಯಾದದ್ದು ಹಿಂದೆ ಸರಿಯಬೇಕು. ಮದುವೆ ಊಟದ ಪಂಕ್ತಿಯಲ್ಲಿ ಯಾರು ಮೊದಲು ಕುಳಿತಿದ್ದಾರೆಂದು ನೋಡುವಂತೆ ಮೊದಲ ಮೂರು ಹೆಸರುಗಳನ್ನು ನೋಡಿ.

ಲೆಕ್ಕಕ್ಕೆಂದು ಸಾಮಾನ್ಯವಾದೊಂದು ಮಾರಿ ಬಿಸ್ಕಿಟಿನ ಲೇಬಲನ್ನು ಇಟ್ಟುಕೊಳ್ಳೋಣ. ಮೊದಲು "ರಿಫೈನ್ಡ್ ವೀಟ್ ಫ್ಲೋರ್", ಪಕ್ಕದಲ್ಲಿ ಕಂಸದೊಳಗೆ "ಮೈದಾ". ಎರಡನೆಯದು "ಶುಗರ್", ಅಂದರೆ ಸಕ್ಕರೆ. ಮೂರನೆಯದು "ರಿಫೈನ್ಡ್ ಪಾಮ್ ಆಯಿಲ್", ತಾಳೆ ಎಣ್ಣೆ. ನಾಲ್ಕನೆಯದು "ಇನ್ವರ್ಟ್ ಶುಗರ್ ಸಿರಪ್". ಆಮೇಲೆ ಹಾಲಿನ ಪುಡಿ, ಉಪ್ಪು, ಉಬ್ಬಿಸಲು ಹಾಕುವ 500, 503 ಎಂಬ ಸಂಖ್ಯೆಯ ಸೋಡಾ ಜಾತಿಯವು. ಇಷ್ಟೇ. ಕೆಲವರು ಈ ಸಂಖ್ಯೆಗಳನ್ನು ಕಂಡು ಗಾಬರಿಯಾಗುತ್ತಾರೆ. 500 ಎಂದರೆ ನಮ್ಮ ಅಡುಗೆ ಸೋಡಾದ ಮನೆತನ. ನೋಡಬೇಕಾದದ್ದು ಅದರ ಮುಂದೆ ಕುಳಿತ ನಾಲ್ವರನ್ನು.

ಆ ನಾಲ್ವರಲ್ಲಿ ಸಕ್ಕರೆ ಎರಡು ಸಲ ಬಂದಿದೆ, ಗಮನಿಸಿದಿರಾ? ಇನ್ವರ್ಟ್ ಸಿರಪ್ ಅಂದರೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಹುಳಿ ಸೇರಿಸಿ ಕಾಯಿಸಿ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗಿ ಒಡೆದ ಪಾಕ. ಬಿಸ್ಕಿಟಿಗೆ ಒಳ್ಳೆಯ ಕೆಂಬಣ್ಣ ಬರಲೆಂದು ಅದನ್ನು ಹಾಕುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಸಕ್ಕರೆ ಹೀಗೆ ಹೋಳಾದಾಗ ಪ್ರತಿ ಹೋಳೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಗೋಲ್ಡನ್ ಸಿರಪ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಜೇನು, ಬೆಲ್ಲ ಎಲ್ಲ ಇದೇ ಬಳಗ. ಇವುಗಳನ್ನು ಒಟ್ಟುಗೂಡಿಸುವ ಕೆಲಸ ನಮ್ಮದಲ್ಲ, ಕೋಷ್ಟಕ ಮಾಡಿಕೊಟ್ಟಿರುತ್ತದೆ. 2020ರ ಲೇಬಲ್ ನಿಯಮಗಳ ಪ್ರಕಾರ "ಟೋಟಲ್ ಶುಗರ್ಸ್" ಎಂದು ಒಟ್ಟು ಸಕ್ಕರೆಯನ್ನೂ, "ಆ್ಯಡೆಡ್ ಶುಗರ್ಸ್" ಎಂದು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನೂ ಬೇರೆ ಬೇರೆ ಕಾಣಿಸಬೇಕು.

ನಮ್ಮ ಲೇಬಲಿನಲ್ಲಿ 100 ಗ್ರಾಂ ಬಿಸ್ಕಿಟಿಗೆ ಒಟ್ಟು ಸಕ್ಕರೆ 21 ಗ್ರಾಂ, ಕಾರ್ಬೋಹೈಡ್ರೇಟ್ ಅಂದರೆ ಪಿಷ್ಟ ಸಕ್ಕರೆ ಎಲ್ಲ ಕೂಡಿ 77 ಗ್ರಾಂ ಎಂದಿರಲಿ. ಒಂದು ಬಿಸ್ಕಿಟಿನ ತೂಕ ಐದೂವರೆ ಗ್ರಾಂ. ಮಾವನವರು ಮುಂಜಾನೆ ನಾಲ್ಕು, ಸಂಜೆ ನಾಲ್ಕು ತಿಂದರೆ ಎಂಟು ಬಿಸ್ಕಿಟು, 44 ಗ್ರಾಂ. ನೂರರ ಅರ್ಧಕ್ಕಿಂತ ತುಸು ಕಡಿಮೆ. ಹಾಗಾದರೆ ಸಕ್ಕರೆಯೂ 21ರ ಅರ್ಧಕ್ಕಿಂತ ತುಸು ಕಡಿಮೆ, ಸುಮಾರು 9 ಗ್ರಾಂ. ಅಂದರೆ ಎರಡು ಸಣ್ಣ ಚಮಚ. ಚಹಾದಿಂದ ತೆಗೆದ ಸಕ್ಕರೆ ಬಶಿಯ ದಾರಿಯಿಂದ ಹೊಟ್ಟೆಗೆ ಹೋಯಿತು.

ಮಾತು ಅಲ್ಲಿಗೇ ಮುಗಿಯುವುದಿಲ್ಲ. ಸಕ್ಕರೆ ಕಾಯಿಲೆಯವರು ಶುಗರ್ ಎಂಬ ಸಾಲಿನಲ್ಲಿ ನಿಂತುಬಿಡಬಾರದು, ಅದರ ಮೇಲಿನ ಕಾರ್ಬೋಹೈಡ್ರೇಟ್ ಸಾಲನ್ನು ನೋಡಬೇಕು. ಏಕೆಂದರೆ ಮೈದಾದ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ತೌಡೂ ಮೊಳಕೆಯೂ ಹೋದ ನುಣ್ಣನೆಯ ಹಿಟ್ಟಾದ್ದರಿಂದ ಬೇಗನೆ ಸೇರುತ್ತದೆ. ಎಂಟು ಬಿಸ್ಕಿಟಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 34 ಗ್ರಾಂ. 40 ಗ್ರಾಂ ಹಿಟ್ಟಿನಲ್ಲಿ ಬಡಿದ ಒಂದು ತೆಳುವಾದ ಜೋಳದ ರೊಟ್ಟಿಯಲ್ಲಿ ಸುಮಾರು 28 ಗ್ರಾಂ, ಅದರ ಜೊತೆಗೆ ನಾರೂ ಇದೆ. ಊಟದಲ್ಲಿ ಅರ್ಧ ರೊಟ್ಟಿ ಕಡಿಮೆ ಮಾಡಿ, ಎರಡು ಹೊತ್ತಿನ ಚಹಾದಲ್ಲಿ ಒಂದು ರೊಟ್ಟಿಗಿಂತ ಹೆಚ್ಚನ್ನು ತಿಂದಂತಾಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ!

"ಹಾಗಾದ್ರ ಶುಗರ್ ಫ್ರೀ ತರ್ತೀವಿ" ಎನ್ನುವವರಿದ್ದಾರೆ. ಅದನ್ನೂ ತಿರುಗಿಸಿ ನೋಡಿ. ಸಕ್ಕರೆಯ ಬದಲು ಮಾಲ್ಟಿಟಾಲ್ ಎಂಬುದು, ಸಂಖ್ಯೆ 965, ಇರಬಹುದು. ಅದು ಹೆಚ್ಚಾದರೆ ಹೊಟ್ಟೆ ಸಡಿಲಾಗಬಹುದೆಂಬ ಎಚ್ಚರಿಕೆಯೂ ಅಲ್ಲೇ ಅಚ್ಚಾಗಿರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಇನ್ನೊಂದು ಹೆಸರು ಕಂಡರೆ ಹೆಚ್ಚು ಹುಷಾರಾಗಿರಿ. ಪಿಷ್ಟವನ್ನು ಅರ್ಧ ಒಡೆದು ಮಾಡಿದ ಪುಡಿ ಅದು. ಸಿಹಿ ಬಹಳ ಕಡಿಮೆ, ಶುಗರ್ ಸಾಲಿನ ಲೆಕ್ಕಕ್ಕೂ ಬರುವುದಿಲ್ಲ, ಆದರೆ ರಕ್ತದ ಗ್ಲೂಕೋಸನ್ನು ಸಕ್ಕರೆಯಷ್ಟೇ ಚುರುಕಾಗಿ ಏರಿಸುತ್ತದೆ. ಅಡಗಿದ ಸಕ್ಕರೆ ಎಂಬ ಮಾತು ಯಾವುದಕ್ಕಾದರೂ ಒಪ್ಪುವುದಾದರೆ ಇದಕ್ಕೇ. ಮತ್ತು ಶುಗರ್ ಫ್ರೀ ಬಿಸ್ಕಿಟಿನಲ್ಲೂ ಪಂಕ್ತಿಯ ಮೊದಲಿಗ ಹೆಚ್ಚಾಗಿ ಮೈದಾನೇ.

ಇನ್ನು ಕೆಲವು ಪುಡಾಗಳ ಮುಂಭಾಗದಲ್ಲಿ ಗೋಧಿ ತೆನೆ, ರಾಗಿ ತೆನೆಗಳ ಚಿತ್ರ, ಕಂದು ಬಣ್ಣದ ಬಿಸ್ಕಿಟು. ಇಲ್ಲಿ ಕಾಯಿದೆ ನಮಗೊಂದು ಉಪಕಾರ ಮಾಡಿದೆ. ಯಾವ ಪದಾರ್ಥವನ್ನು ಮಾತಿನಲ್ಲಾಗಲಿ ಚಿತ್ರದಲ್ಲಾಗಲಿ ಎತ್ತಿ ತೋರಿಸುತ್ತಾರೋ ಅದು ಶೇಕಡಾ ಎಷ್ಟಿದೆ ಎಂದು ಬರೆಯಲೇಬೇಕು. ಆದ್ದರಿಂದ ಪಟ್ಟಿಯಲ್ಲಿ ಆ ಶೇಕಡಾ ಅಂಕಿಯನ್ನು ಹುಡುಕಿ. ಮೊದಲು ಮೈದಾ, ಎಷ್ಟೋ ಹಿಂದೆ "ರಾಗಿ ಶೇಕಡಾ 4" ಎಂದಿದ್ದರೆ, ನೂರು ಗ್ರಾಂ ಪುಡಾದಲ್ಲಿ ಒಂದು ಚಮಚೆಯಷ್ಟು ರಾಗಿ ಹಿಟ್ಟಿದೆ ಎಂದು ತಿಳಿಯಿರಿ. "ಹೋಲ್ ವೀಟ್ ಫ್ಲೋರ್" ಎಂದು ಇದ್ದರೆ ಮಾತ್ರ ಅದು ನಾವು ಗಿರಣಿಯಲ್ಲಿ ಬೀಸಿಸುವ ಗೋಧಿ ಹಿಟ್ಟು. ಕಂದು ಬಣ್ಣವನ್ನೂ ಪೂರ್ತಿ ನಂಬಬೇಡಿ. ಪಟ್ಟಿಯ ಕೊನೆಯಲ್ಲಿ ಬಣ್ಣ ಎಂದು 150ರಿಂದ ಆರಂಭವಾಗುವ ಸಂಖ್ಯೆ ಇದ್ದರೆ ಅದು ಕ್ಯಾರಮೆಲ್ ಬಣ್ಣ.

ಈಗ ಎಣ್ಣೆಯ ವಿಚಾರ. ಕಾರ್ಖಾನೆಯವರು ತಾಳೆ ಎಣ್ಣೆಯನ್ನು ಹಿಡಿದುಕೊಂಡಿರುವುದಕ್ಕೆ ಕಾರಣಗಳಿವೆ. ಅಗ್ಗ, ತನ್ನದೇ ವಾಸನೆ ಇಲ್ಲ, ಬೇಗ ಕಮಟುವುದಿಲ್ಲ, ಹಿಟ್ಟಿಗೆ ಗರಿಗರಿತನ ಕೊಡುತ್ತದೆ. ಆದರೆ ಅದರ ಸುಮಾರು ಅರ್ಧಭಾಗ ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುವ ಬಗೆ. ನಮ್ಮ ಸೊಲ್ಲಾಪುರ ಸೀಮೆಯ ಕುಸುಬೆ ಎಣ್ಣೆಯಲ್ಲಿ ಇದು ಹತ್ತರಲ್ಲಿ ಒಂದು ಪಾಲಿನಷ್ಟು. ಪುಡಾದ ಮುಖದ ಮೇಲೆ "ಕೊಲೆಸ್ಟರಾಲ್ ಇಲ್ಲ", "ಟ್ರಾನ್ಸ್ ಫ್ಯಾಟ್ ಇಲ್ಲ" ಎಂದು ಬರೆದಿದ್ದರೆ ಅದು ಸುಳ್ಳಲ್ಲ. ಸಸ್ಯದ ಎಣ್ಣೆ ಯಾವುದರಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಟ್ರಾನ್ಸ್ ಫ್ಯಾಟನ್ನು ಸರಕಾರವೇ 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಶೇಕಡಾ 2ಕ್ಕೆ ಮಿತಿಗೊಳಿಸಿದೆ. ಆ ಎರಡು ಹೊಗಳಿಕೆಗಳು ಹೇಳದೆ ಬಿಟ್ಟದ್ದು ಸ್ಯಾಚುರೇಟೆಡ್ ಫ್ಯಾಟ್ ಎಂಬ ಸಾಲಿನಲ್ಲಿದೆ. ಹೃದಯದ ತೊಂದರೆ ಇರುವವರು ಅದನ್ನೇ ಮೊದಲು ಓದಲಿ.

ನೂಡಲ್ಸಿನಲ್ಲಿ ಈ ಎಣ್ಣೆ ಕಣ್ಣಿಗೆ ಕಾಣುವುದೇ ಇಲ್ಲ. ನೀರಿನಲ್ಲಿ ಕುದಿಸಿ ತಿನ್ನುವ ವಸ್ತು ಕರಿದದ್ದು ಹೇಗಾದೀತು ಎಂದು ತಾಯಂದಿರು ಕೇಳುತ್ತಾರೆ. ಕಾರ್ಖಾನೆಯಲ್ಲಿ ಶಾವಿಗೆಯಂತೆ ಎಳೆದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಆಮೇಲೆ ಒಂದೆರಡು ನಿಮಿಷ ಕಾದ ತಾಳೆ ಎಣ್ಣೆಯಲ್ಲಿ ಮುಳುಗಿಸುತ್ತಾರೆ. ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಅದರ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಎರಡೇ ನಿಮಿಷಕ್ಕೆ ಬೇಯುವ ಗುಣ ಬಂದದ್ದು ಆ ಕರಿಯುವಿಕೆಯಿಂದಲೇ. 70 ಗ್ರಾಂ ಪೊಟ್ಟಣದ ಮೇಲೆ 100 ಗ್ರಾಂಗೆ ಸ್ಯಾಚುರೇಟೆಡ್ ಕೊಬ್ಬು 8 ಎಂದಿದ್ದರೆ ಒಂದು ಪೊಟ್ಟಣದಲ್ಲಿ 5.6 ಗ್ರಾಂ. ಲೇಬಲ್ ಲೆಕ್ಕಕ್ಕೆ ದೊಡ್ಡವರ ಒಂದು ದಿನದ ಮಿತಿ ಎಂದು ಹಿಡಿದದ್ದು 22 ಗ್ರಾಂ. ಅದರ ಕಾಲುಭಾಗ ಒಂದು ಮಗುವಿನ ಒಂದು ತಟ್ಟೆಯಲ್ಲಿ.

ಅಟ್ಟಾ ನೂಡಲ್ಸ್ ಕೊಂಡರೆ ಹಿಟ್ಟು ಬದಲಾಗಬಹುದು, ಎಣ್ಣೆ ಬದಲಾಗುವುದಿಲ್ಲ. ಕರಿಯದೆ ಬಿಸಿಗಾಳಿಯಲ್ಲಿ ಒಣಗಿಸಿದ್ದೆಂದು ಹೇಳಿಕೊಳ್ಳುವವೂ ಇವೆ. ಅದು ನಿಜವೇ ಎಂದು ಫ್ಯಾಟ್ ಸಾಲು ಹೇಳುತ್ತದೆ. ಕರಿದದ್ದರಲ್ಲಿ ಒಟ್ಟು ಕೊಬ್ಬು ನೂರಕ್ಕೆ ಹದಿನೈದರ ಮೇಲಿರುತ್ತದೆ, ಕರಿಯದ್ದರಲ್ಲಿ ಕೆಲವೇ ಗ್ರಾಂ. ಮಸಾಲೆ ಚೀಟಿನ ಪಟ್ಟಿ ಬೇರೆಯಾಗಿ ಇರುತ್ತದೆ, ಅದನ್ನೂ ಬಿಡಬೇಡಿ. ಖಾರವೆಂದು ತಿನ್ನುವ ಆ ಪುಡಿಯಲ್ಲಿ ಉಪ್ಪಿನ ಹಿಂದೆಯೇ ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಕಾಣಸಿಗುತ್ತವೆ. ಅರ್ಧ ಮಸಾಲೆ ಹಾಕಿದರೆ ಉಪ್ಪು ತಗ್ಗುತ್ತದೆ. ಎಣ್ಣೆ ಎಳೆಯೊಳಗೇ ಇರುವುದರಿಂದ ಅದಕ್ಕೆ ಈ ಉಪಾಯ ನಡೆಯದು.

ಕೋಷ್ಟಕದಲ್ಲಿ ಇನ್ನೊಂದು ಕಡೆ ಎಡವುವುದುಂಟು. "ಪರ್ ಸರ್ವ್" ಎಂಬ ಕಂಬದಲ್ಲಿ ಅಂಕಿಗಳು ಚಿಕ್ಕದಾಗಿ ಮುದ್ದಾಗಿ ಕಾಣುತ್ತವೆ. ಅವರ ಒಂದು ಸರ್ವ್ ಎಂದರೆ ಎರಡೋ ಮೂರೋ ಬಿಸ್ಕಿಟು. ಎರಡು ಪುಡಾಗಳನ್ನು ಹೋಲಿಸುವಾಗ 100 ಗ್ರಾಂ ಎಂಬ ಕಂಬವನ್ನೇ ಹಿಡಿಯಿರಿ, ತಿಂದದ್ದಕ್ಕೆ ಲೆಕ್ಕ ಹಾಕುವಾಗ ನಿಮ್ಮ ಮನೆಯ ಬಶಿಯನ್ನು ಎಣಿಸಿ.

ಅಂಗಡಿಯಲ್ಲಿ ಮಾಲೆಯಂತೆ ತೂಗುವ ತೀರ ಚಿಕ್ಕ ಪೊಟ್ಟಣಗಳಲ್ಲಿ ಈ ಪಟ್ಟಿ ಇರದಿದ್ದರೆ ಅಂಗಡಿಯವನನ್ನು ದೂರಬೇಡಿ. ಮೈಯಳತೆ 100 ಚದರ ಸೆಂಟಿಮೀಟರಿಗಿಂತ ಕಡಿಮೆ ಇರುವ ಪೊಟ್ಟಣಕ್ಕೆ ರಿಯಾಯಿತಿಯಿದೆ, ಆದರೆ ಅವು ಬಂದ ದೊಡ್ಡ ಚೀಲ ಅಥವಾ ಡಬ್ಬದ ಮೇಲೆ ವಿವರ ಇರಬೇಕು. ಅದನ್ನು ತೋರಿಸು ಎಂದು ಕೇಳಬಹುದು. ಬೇಕರಿಯಲ್ಲಿ ತೂಕದ ಮೇಲೆ ಕೊಡುವ ಖಾರಿ, ಟೋಸ್ಟ್, ನಾನಖಟಾಯಿಗಳಿಗೆ ಹೀಗೆ ಓದುವ ಬೆನ್ನೇ ಇಲ್ಲ. ಅಲ್ಲಿ ಡಾಲ್ಡಾ ಹಾಕಿದ್ದೋ, ತಾಳೆ ಎಣ್ಣೆಯೋ, ತುಪ್ಪವೋ ಎಂದು ಬಾಯಿಬಿಟ್ಟು ಕೇಳಬೇಕು. ಭಟ್ಟಿಯವನು ಪರಿಚಯದವನಾದರೆ ಹಿಟ್ಟಿನ ಚೀಲವನ್ನೂ ಎಣ್ಣೆಯ ಡಬ್ಬವನ್ನೂ ತೋರಿಸುತ್ತಾನೆ, ಅವುಗಳ ಮೇಲೆ ಹೆಸರು ಅಚ್ಚಾಗಿರುತ್ತದೆ.